ಪರ್ಚೇಸ್ ಹೆಡ್‌ಗೆ ಲಿಂಕ್ಡ್‌ಇನ್ ಮೆಸೇಜ್: ಆರ್ಡರ್ ಕೇಳಬೇಡಿ, ಒಂದು ಡ್ರಾಯಿಂಗ್ ಕೇಳಿ

ಇವತ್ತಿನ ಸಂಚಿಕೆ ಒಂದೇ ಒಂದು ಮೆಸೇಜ್ ಬಗ್ಗೆ. ಲಿಂಕ್ಡ್‌ಇನ್‌ನಲ್ಲಿ ಒಂದು ಕಂಪನಿಯ ಖರೀದಿ ವಿಭಾಗದ ಮುಖ್ಯಸ್ಥರಿಗೆ, ಅಂದ್ರೆ ಪ್ರೊಕ್ಯೂರ್‌ಮೆಂಟ್ ಹೆಡ್‌ಗೆ, ಅವರ ಪೋಸ್ಟ್‌ಗಳನ್ನು ಓದಿ, ಕಾಮೆಂಟ್ ಮಾಡಿ, ಆಮೇಲೆ ಬರೆಯುವ ಮೊದಲ ಮೆಸೇಜ್. ಬಿಡಿಭಾಗಗಳ ಮಾರಾಟದ ಕೆಲಸದಲ್ಲಿ ಇರೋದ್ರಿಂದ ನಾನು ಇಂಥವನ್ನು ಬರೀತಾನೇ ಇರ್ತೀನಿ. ಅದಕ್ಕೇ ಬರೀ ನಿಯಮ ಹೇಳದೆ, ಒಂದು ಉದಾಹರಣೆ ಇಟ್ಟುಕೊಂಡು ಮಾತಾಡ್ತೀನಿ.

ಬೆಳಗಾವಿಯಲ್ಲಿ ಒಂದು ಸಣ್ಣ ಫೌಂಡ್ರಿ ಇದೆ ಅಂದ್ಕೊಳ್ಳಿ. ಗ್ರೇ ಐರನ್ ಎರಕ ಅವರ ಕೆಲಸ. ಬರೋ ಆರ್ಡರ್‌ನಲ್ಲಿ ಮುಕ್ಕಾಲು ಭಾಗ ಒಬ್ಬನೇ ಗ್ರಾಹಕನದ್ದು. ಆ ಗ್ರಾಹಕ ಒಂದು ತಿಂಗಳು ಆರ್ಡರ್ ನಿಲ್ಲಿಸಿದ್ರೆ ಸಂಬಳ ಕೊಡೋದೇ ಕಷ್ಟ. ಹಾಗಾಗಿ ಇನ್ನೊಬ್ಬ ಗ್ರಾಹಕ ಬೇಕೇ ಬೇಕು. ಆ ಕಡೆ ಪುಣೆಯಲ್ಲಿ ಒಂದು ಪಂಪ್ ಕಂಪನಿ. ಅದರ ಪರ್ಚೇಸ್ ಹೆಡ್ ಒಬ್ಬ ಮೇಡಂ. ಅವರು ಲಿಂಕ್ಡ್‌ಇನ್‌ನಲ್ಲಿ ಹೀಗೆ ಬರೆದಿದ್ದಾರೆ: ನಮ್ಮ ಒಂದು ಕೇಸಿಂಗ್‌ಗೆ ಒಬ್ಬರೇ ಸಪ್ಲೈಯರ್. ಅವರ ಕುಲುಮೆಯ ಒಳಪದರ ಬದಲಿಸೋಕೆ ಕೆಲಸ ನಿಂತಾಗ, ನಮ್ಮ ಅಸೆಂಬ್ಲಿ ಲೈನೂ ನಿಂತುಹೋಯ್ತು.

ಈ ಪೋಸ್ಟ್ ನೋಡಿದ ತಕ್ಷಣ ಹೆಚ್ಚಿನವರು ಎರಡರಲ್ಲಿ ಒಂದು ಮಾಡ್ತಾರೆ. ಒಂದು, 'ಗ್ರೇಟ್ ಇನ್‌ಸೈಟ್ ಮೇಡಂ' ಅಂತ ಬರೀತಾರೆ. ಇದರಿಂದ ಏನೂ ಆಗಲ್ಲ. ಇನ್ನೊಂದು, 'ನಾವು ಸಪ್ಲೈ ಮಾಡ್ತೀವಿ, ನಂಬರ್ ಕಳಿಸಿ' ಅಂತ ಕಾಮೆಂಟ್‌ನಲ್ಲೇ ಹಾಕ್ತಾರೆ. ಇದು ನಿಜವಾಗ್ಲೂ ಹಾನಿ. ಯಾಕಂದ್ರೆ ಆ ಕಾಮೆಂಟ್‌ಗಳನ್ನು ಈಗಿನ ಸಪ್ಲೈಯರ್ ಕೂಡ ಓದ್ತಿರ್ತಾರೆ. ಮೇಡಂ ಅಲ್ಲಿ ನಿಮಗೆ ಆಸಕ್ತಿ ತೋರಿಸಿದ್ರೆ, ನಾಳೆ ಅವರ ಕೇಸಿಂಗ್ ಎರಕ ಹೊಯ್ಯೋ ಮನುಷ್ಯನಿಗೆ 'ನಿನ್ನನ್ನು ಬಿಡ್ತೀವಿ' ಅಂತ ಸಾರ್ವಜನಿಕವಾಗಿ ಹೇಳಿದಂತಾಗುತ್ತೆ. ಅದಕ್ಕೇ ಅವರು ಉತ್ತರ ಕೊಡಲ್ಲ.

ಹಾಗಾದ್ರೆ ಏನು ಬರೀಬೇಕು? ಆ ಸಮಸ್ಯೆಯ ಒಳಗೆ ಏನಿದೆ ಅಂತ ನಿಮಗೆ ಗೊತ್ತಿದೆಯೋ ಅದನ್ನು. ಎರಕದಲ್ಲಿ ಎರಡನೇ ಸಪ್ಲೈಯರ್ ಅಂದಾಗ ಬೆಲೆಗಿಂತ ಮೊದಲು ಬರೋ ಪ್ರಶ್ನೆ ಪ್ಯಾಟರ್ನ್‌ದು. ಪ್ಯಾಟರ್ನ್ ಅಂದ್ರೆ ಮರಳಿನಲ್ಲಿ ಅಚ್ಚು ಮೂಡಿಸೋ ಮಾದರಿ. ಸಾಮಾನ್ಯವಾಗಿ ಅದಕ್ಕೆ ದುಡ್ಡು ಕೊಟ್ಟಿರೋದು ಪಂಪ್ ಕಂಪನಿ, ಆದರೆ ಅದು ಇರೋದು ಮೊದಲ ಫೌಂಡ್ರಿಯ ಶೆಡ್‌ನಲ್ಲಿ. ಅದನ್ನು ಎತ್ತಿ ಎರಡನೆಯವರಿಗೆ ಕೊಟ್ರೆ ಮೊದಲನೆಯವರ ಕೆಲಸ ನಿಲ್ಲುತ್ತೆ. ಹೊಸದು ಮಾಡಿಸಿದ್ರೆ ಖರ್ಚು. ನಮ್ಮ ಫೌಂಡ್ರಿಯವರು ಕಾಮೆಂಟ್‌ನಲ್ಲಿ ಇಷ್ಟನ್ನೇ ಬರೆದು, ಒಂದು ಪ್ರಶ್ನೆ ಕೇಳ್ತಾರೆ: ಇಂಥ ಭಾಗಗಳಿಗೆ ಎರಡನೇ ಪ್ಯಾಟರ್ನ್ ಮಾಡಿಸಿ ಇಟ್ಕೊಳ್ತೀರಾ? ಮೇಡಂ ಉತ್ತರ ಕೊಡ್ತಾರೆ: ಹೆಚ್ಚು ಓಡೋ ಭಾಗಕ್ಕೆ ಸರಿ, ವರ್ಷಕ್ಕೆ ನಲವತ್ತು–ಐವತ್ತು ಬೇಕಾಗೋ ಭಾಗಕ್ಕೆ ಆ ಖರ್ಚು ಸಮರ್ಥಿಸೋದು ಕಷ್ಟ.

ನೋಡಿ, ಕಾಮೆಂಟ್ ಮಾಡಿದ್ದರ ಫಲ ಇದೇ. ಪರಿಚಯ ಆಯ್ತು ಅನ್ನೋದು ಸಣ್ಣ ವಿಷಯ. ನೋವು ಎಲ್ಲಿದೆ ಅಂತ ಅವರೇ ಹೇಳಿದ್ರು, ಅದು ದೊಡ್ಡದು. ಕಡಿಮೆ ಸಂಖ್ಯೆಯ ಭಾಗಗಳು. ಮೆಸೇಜ್ ಬರೀಬೇಕಾದ್ದು ಅದರ ಮೇಲೆ.

ಒಂದು ಎಚ್ಚರ. ಒಂದೇ ದಿನ ಅವರ ಹತ್ತು ಹಳೇ ಪೋಸ್ಟ್‌ಗೆ ಲೈಕ್ ಒತ್ತಿ ಸಂಜೆಗೆ ಮೆಸೇಜ್ ಕಳಿಸಬೇಡಿ. ನೋಟಿಫಿಕೇಶನ್‌ನಲ್ಲಿ ನಿಮ್ಮ ಹೆಸರು ಸಾಲಾಗಿ ಬಂದಿರುತ್ತೆ, ಉದ್ದೇಶ ಅಲ್ಲೇ ಬಯಲಾಗುತ್ತೆ. ಮೂರು ನಾಲ್ಕು ವಾರದಲ್ಲಿ, ನಿಮಗೆ ಹೇಳೋಕೆ ಏನಾದ್ರೂ ಇರೋ ಒಂದೆರಡು ಪೋಸ್ಟ್‌ಗೆ ಮಾತ್ರ ಬರೆದ್ರೆ ಸಾಕು.

ಈಗ ಮೆಸೇಜ್. ಮೊದಲು ಕನೆಕ್ಷನ್ ರಿಕ್ವೆಸ್ಟ್. ಉಚಿತ ಖಾತೆಯಲ್ಲಿ ಅದರ ಜೊತೆ ಬರೆಯೋ ಟಿಪ್ಪಣಿಗೆ ಜಾಗ ತುಂಬಾ ಕಡಿಮೆ. ಅಲ್ಲಿ ಮಾರಾಟದ ಮಾತು ಬೇಡ. 'ಪ್ಯಾಟರ್ನ್ ಬಗ್ಗೆ ಕಾಮೆಂಟ್ ಮಾಡಿದ್ದು ನಾನೇ' ಅಂತ ಗುರುತು ಹೇಳಿ ನಿಲ್ಲಿಸಿ. ಒಪ್ಪಿಕೊಂಡ ಮೇಲೆ ಇದನ್ನು ಕಳಿಸಿ. ಇಂಗ್ಲಿಷ್‌ನಲ್ಲೇ ಹೋಗೋ ಮೆಸೇಜ್ ಇದು, ನಾನು ಕನ್ನಡದಲ್ಲಿ ಓದ್ತೀನಿ:

"ನಮಸ್ತೆ ಮೇಡಂ. ವರ್ಷಕ್ಕೆ ಐವತ್ತರೊಳಗೆ ಬೇಕಾಗುವ ಭಾಗಗಳಿಗೆ ಎರಡನೇ ಪ್ಯಾಟರ್ನ್ ಸಮರ್ಥಿಸುವುದು ಕಷ್ಟ ಎಂದು ಬರೆದಿದ್ದಿರಿ. ನಾವು ಬೆಳಗಾವಿಯಲ್ಲಿ ಗ್ರೇ ಐರನ್ ಎರಕ ಮಾಡುತ್ತೇವೆ. ಎಫ್‌ಜಿ 260 ದರ್ಜೆ, 5ರಿಂದ 60 ಕೆಜಿ ತೂಕ. ಕಡಿಮೆ ಸಂಖ್ಯೆಗೆ ಮರದ ಪ್ಯಾಟರ್ನ್ ಬಳಸುತ್ತೇವೆ. ಅಂಥ ಒಂದು ಭಾಗದ ಡ್ರಾಯಿಂಗನ್ನು ದರಪಟ್ಟಿಗಾಗಿ ಕಳಿಸಲು ಸಾಧ್ಯವೇ? ಗೋಪ್ಯತಾ ಒಪ್ಪಂದಕ್ಕೆ ಮೊದಲೇ ಸಹಿ ಮಾಡುತ್ತೇವೆ. ಇದು ನಿಮ್ಮ ತಂಡದಲ್ಲಿ ಬೇರೆಯವರ ಕೆಲಸವಾದರೆ, ಯಾರನ್ನು ಕೇಳಬೇಕೆಂದು ತಿಳಿಸಿದರೆ ಸಾಕು."

ಇದರಲ್ಲಿ ಇರೋದನ್ನು ಗಮನಿಸಿ. ಮೊದಲ ವಾಕ್ಯ ಅವರದೇ ಮಾತು, ಹೊಗಳಿಕೆ ಅಲ್ಲ. ಲೈನ್ ನಿಂತ ಕಥೆಯನ್ನು ಎತ್ತಿಲ್ಲ. ಬೇರೆಯವರ ಗಾಯ ಕೆದಕಿ ವ್ಯಾಪಾರ ಮಾಡಿದ ಹಾಗೆ ಆಗಬಾರದು. ದರ್ಜೆ, ತೂಕ ಹೇಳಿದ್ದರಿಂದ 'ಇವರಿಂದ ಆಗುತ್ತಾ' ಅನ್ನೋದು ಅವರಿಗೆ ಹತ್ತು ಸೆಕೆಂಡ್‌ನಲ್ಲಿ ಗೊತ್ತಾಗುತ್ತೆ. 60 ಕೆಜಿಗಿಂತ ದೊಡ್ಡದು ಬೇಕಿದ್ರೆ ಅವರು ಅಲ್ಲೇ ಬಿಡ್ತಾರೆ, ಇಬ್ಬರ ಸಮಯವೂ ಉಳೀತು.

ಕೇಳಿದ್ದು ಯಾಕೆ ಡ್ರಾಯಿಂಗ್, ಆರ್ಡರ್ ಯಾಕಲ್ಲ? ಎಷ್ಟೇ ದೊಡ್ಡ ಹುದ್ದೆ ಇದ್ರೂ ಪರ್ಚೇಸ್ ಹೆಡ್ ಮೆಸೇಜ್ ನೋಡಿ ಆರ್ಡರ್ ಕೊಡೋಕೆ ಆಗಲ್ಲ. ವೆಂಡರ್ ನೋಂದಣಿ ಆಗಬೇಕು, ಕ್ವಾಲಿಟಿಯವರು ಬಂದು ಫೌಂಡ್ರಿ ನೋಡಬೇಕು, ಸ್ಯಾಂಪಲ್ ಪಾಸಾಗಬೇಕು, ಆಮೇಲೆ ಸಣ್ಣ ಲಾಟ್. ಇದಕ್ಕೆ ತಿಂಗಳುಗಳೇ ಹಿಡಿಯುತ್ತೆ. ಆದರೆ 'ಈ ಭಾಗಕ್ಕೆ ಇವರ ಕೊಟೇಶನ್ನೂ ತಗೊಳ್ಳಿ' ಅಂತ ತಮ್ಮ ಬಯರ್‌ಗೆ ಹೇಳೋದು ಅವರ ಕೈಯಲ್ಲೇ ಇದೆ. ಅವರಿಗೆ ಸುಲಭವಾಗಿ ಹೌದು ಅನ್ನೋಕೆ ಆಗೋದನ್ನೇ ಕೇಳಿ. ಈಗ ಯಾವ ರೇಟ್‌ಗೆ ತಗೊಳ್ತಿದ್ದೀರಿ ಅಂತ ಮಾತ್ರ ಕೇಳಲೇಬೇಡಿ. ಒಬ್ಬ ಸಪ್ಲೈಯರ್ ದರ ಇನ್ನೊಬ್ಬರಿಗೆ ಹೇಳೋದು ಅವರ ಕೆಲಸಕ್ಕೇ ಕುತ್ತು.

ಉತ್ತರ ಬಂದಾಗ ಅದನ್ನು ಓದೋದು ಹೇಗೆ? 'ನಿಮ್ಮ ಪ್ರೊಫೈಲ್ ಈ ಮೇಲ್‌ಗೆ ಕಳಿಸಿ' ಅಂತ ಮಾತ್ರ ಬಂದ್ರೆ, ಕಳಿಸಿ, ಆದರೆ ಜಾಸ್ತಿ ಆಸೆ ಇಟ್ಕೋಬೇಡಿ. 'ಮಷೀನಿಂಗ್ ನೀವೇ ಮಾಡಿಸ್ತೀರಾ, ಮೋಲ್ಡಿಂಗ್ ಬಾಕ್ಸ್ ಎಷ್ಟು ದೊಡ್ಡದು' ಅಂತ ಕೇಳಿದ್ರೆ, ಅವರ ತಲೆಯಲ್ಲಿ ಯಾವುದೋ ಒಂದು ಭಾಗ ಇದೆ ಅಂತ ಅರ್ಥ. ಅದೇ ದಿನ ಉತ್ತರ ಕೊಡಿ.

ಏನೂ ಬರದಿದ್ರೆ ಹತ್ತು ದಿನ ಬಿಟ್ಟು ಒಂದೇ ಒಂದು ಸಲ ಬರೀರಿ. ಅದರಲ್ಲಿ 'ನೆನಪಿಸ್ತಿದ್ದೀನಿ' ಅನ್ನೋದಷ್ಟೇ ಇರದೆ ಹೊಸದೊಂದು ವಿಷಯ ಇರಲಿ. ಉದಾಹರಣೆಗೆ ಅಂಥದ್ದೇ ತೂಕದ, ನಿಮ್ಮದೇ ವಿನ್ಯಾಸದ ಒಂದು ಎರಕದ ಫೋಟೋ. ಬೇರೆ ಗ್ರಾಹಕರ ಭಾಗದ ಫೋಟೋ ಬೇಡ. ನಾಳೆ ನಮ್ಮ ಡ್ರಾಯಿಂಗನ್ನೂ ಹೀಗೇ ಎಲ್ಲರಿಗೂ ತೋರಿಸ್ತಾರೆ ಅಂತ ಅವರು ಲೆಕ್ಕ ಹಾಕ್ತಾರೆ. ಅದಕ್ಕೂ ಉತ್ತರ ಇಲ್ಲ ಅಂದ್ರೆ ಮೆಸೇಜ್ ಅಲ್ಲಿಗೆ ನಿಲ್ಲಿಸಿ, ಅವರ ಪೋಸ್ಟ್ ಓದೋದನ್ನು ಮುಂದುವರಿಸಿ. ಎರಡನೇ ಸಪ್ಲೈಯರ್ ಹುಡುಕೋದು ಸಾಮಾನ್ಯವಾಗಿ ಮೊದಲನೆಯವರ ಕುಲುಮೆ ಮತ್ತೆ ನಿಂತಾಗಲೇ.