ಬಾರಿನ ತೂಕ ಏರುತ್ತಿದೆ, ಮಂಡಿ ಏನನ್ನುತ್ತಿದೆ?

ಜಿಮ್‌ಗೆ ಹೊಸದಾಗಿ ಸೇರಿದವರ ಕೈಗೆ ಇಂದು ಬಹುತೇಕ ಸಿಗುವುದು ಒಂದೇ ಬಗೆಯ ಪಟ್ಟಿ. ವಾರಕ್ಕೆ ಮೂರು ದಿನ ಬಾರು ಹೆಗಲ ಮೇಲಿಟ್ಟು ಸ್ಕ್ವಾಟ್, ಐದೈದರಂತೆ ಐದು ಸೆಟ್, ಪ್ರತಿ ಸಲ ಎರಡೂವರೆ ಕಿಲೋ ಹೆಚ್ಚಿಗೆ. ಮೊಬೈಲ್ ಆ್ಯಪ್‌ಗಳೂ ಇದನ್ನೇ ಹೇಳುತ್ತವೆ, ಬೀದಿ ಕೊನೆಯ ಜಿಮ್‌ನ ಟ್ರೈನರ್ ಕೂಡ ಇದನ್ನೇ ಹೇಳುತ್ತಾರೆ. ಪಟ್ಟಿಯಲ್ಲಿ ತಪ್ಪೇನೂ ಇಲ್ಲ, ಹೊಸಬರ ಮೈಯಲ್ಲಿ ಬಲ ತುಂಬಲು ಇಷ್ಟು ಸರಳವಾದ ದಾರಿ ಇನ್ನೊಂದು ಸಿಗುವುದು ಕಷ್ಟ. ಆದರೆ ಲೆಕ್ಕ ಹಾಕಿ ನೋಡಿ. ವಾರಕ್ಕೆ ಮೂರು ಸಲ ಎಂದರೆ ವರ್ಷಕ್ಕೆ 156 ಸಲ, ಏರುವ ತೂಕ 390 ಕಿಲೋ. 40 ಕಿಲೋದಿಂದ ಶುರುಮಾಡಿದವರು ಮುಂದಿನ ವರ್ಷ ಇದೇ ಹೊತ್ತಿಗೆ 430 ಕಿಲೋ ಹೊತ್ತು ಕೂತು ಏಳಬೇಕು!

ಹಾಗಾಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಏರಿಕೆ ಎಲ್ಲೋ ನಿಲ್ಲಲೇಬೇಕು. ನಿಲ್ಲಿಸುವುದು ಯಾವುದು ಎಂಬುದೇ ಪ್ರಶ್ನೆ. ತೊಡೆಯ ಬಲ ಮುಗಿದು ಬಾರು ಮೇಲೇಳದೆ ನಿಂತರೆ ಅಂಥ ನಷ್ಟವಿಲ್ಲ, ತೂಕ ಇಳಿಸಿ ಮತ್ತೆ ಹತ್ತಬಹುದು. ಅದಕ್ಕೂ ಮುಂಚೆಯೇ ಮಂಡಿ ಕೈಕೊಟ್ಟರೆ ತಿಂಗಳುಗಟ್ಟಲೆ ಕೂರಬೇಕಾಗುತ್ತದೆ. ಇದನ್ನು ಮೊದಲೇ ತಿಳಿಯಲು ದುಬಾರಿ ಗಡಿಯಾರವೇನೂ ಬೇಕಿಲ್ಲ. ಒಂದು ನೋಟ್‌ಬುಕ್ ಇದ್ದು, ಅದರಲ್ಲಿ ಎರಡು ಸಂಗತಿ ಬರೆದಿಟ್ಟರೆ ಸಾಕು: ವಾರದಲ್ಲಿ ಒಟ್ಟು ಎತ್ತಿದ ತೂಕ, ಮತ್ತು ಮರುದಿನ ಬೆಳಿಗ್ಗೆ ಕೀಲು ಹೇಗಿತ್ತು ಎಂಬುದು.

ಮೇಜಿನ ಕೆಲಸದಲ್ಲಿರುವ, ಮೂವತ್ತರ ಆಸುಪಾಸಿನ ಒಬ್ಬರು ಈ ಪಟ್ಟಿ ಹಿಡಿದಿದ್ದಾರೆ ಎಂದಿಟ್ಟುಕೊಳ್ಳೋಣ. ಮೊದಲ ವಾರ ಅವರು 40, 42.5 ಮತ್ತು 45 ಕಿಲೋ ಹಾಕಿ ಸ್ಕ್ವಾಟ್ ಮಾಡುತ್ತಾರೆ. ದಿನಕ್ಕೆ 25 ಸಲ ಕೂತೇಳುವುದರಿಂದ ಮೂರೂ ದಿನದ ತೂಕವನ್ನು ಕೂಡಿಸಿ 25ರಿಂದ ಗುಣಿಸಿದರೆ ವಾರದ ಒಟ್ಟು ಭಾರ ಸಿಗುತ್ತದೆ, ಸುಮಾರು 3,190 ಕಿಲೋ. ಎರಡನೇ ವಾರ ಅದು 3,750. ಆರನೇ ವಾರ 77.5, 80 ಮತ್ತು 82.5 ಕಿಲೋ ಹೊತ್ತಾಗ ಸರಿಯಾಗಿ 6,000. ಒಂದೂವರೆ ತಿಂಗಳಲ್ಲಿ ಮಂಡಿ ಹೊರುವ ಭಾರ ಹೆಚ್ಚುಕಡಿಮೆ ಎರಡರಷ್ಟಾಯಿತು. ದಿನದಿನಕ್ಕೆ ನೋಡಿದರೆ ಮಾತ್ರ ಎರಡು ಸಣ್ಣ ಪ್ಲೇಟುಗಳಷ್ಟೇ ವ್ಯತ್ಯಾಸ.

ಇಲ್ಲೊಂದು ತಮಾಷೆ ಇದೆ. ಶೇಕಡಾವಾರು ನೋಡಿದರೆ ಏರಿಕೆ ವಾರದಿಂದ ವಾರಕ್ಕೆ ಕಡಿಮೆಯಾಗುತ್ತಾ ಬರುತ್ತದೆ. ಎರಡನೇ ವಾರದ ಜಿಗಿತ ಶೇ 18ರ ಹತ್ತಿರ, ಆರನೇ ವಾರದ್ದು ಶೇ 10ರ ಹತ್ತಿರ. 'ವಾರಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಡಿ' ಎಂಬ ಹಳೆಯ ಮಾತನ್ನು ನಂಬಿದರೆ ಅಪಾಯವಿರುವುದು ಮೊದಲ ವಾರಗಳಲ್ಲಿ, ಆಮೇಲೆ ಎಲ್ಲ ಸುರಳೀತ. ನಿಜ ಅದಕ್ಕೆ ತದ್ವಿರುದ್ಧ. 40 ಕಿಲೋ ಅವರ ತಾಕತ್ತಿಗಿಂತ ಎಷ್ಟೋ ಕೆಳಗಿತ್ತು, ಅಲ್ಲಿ ಶೇ 18 ಏರಿದರೂ ಮೈಗೆ ಗೊತ್ತಾಗಲಿಲ್ಲ. 80 ಕಿಲೋ ತಾಕತ್ತಿನ ಅಂಚು, ಅಲ್ಲಿ ಶೇ 10 ಬಹಳ ದೊಡ್ಡದು.

ಆ ಶೇ 10ರ ಮಾತು ಬಂದಿದ್ದು ಓಟಗಾರರಿಂದ. ನೆದರ್ಲೆಂಡ್ಸಿನ ಗ್ರೊನಿಂಗನ್‌ನಲ್ಲಿ ಇದನ್ನು ಪರೀಕ್ಷೆಗೇ ಒಡ್ಡಿದರು. ಐನೂರಕ್ಕೂ ಹೆಚ್ಚು ಹೊಸ ಓಟಗಾರರನ್ನು ಎರಡು ಗುಂಪು ಮಾಡಿ, ಒಂದಕ್ಕೆ 13 ವಾರಗಳ ನಿಧಾನದ ತಯಾರಿ, ಇನ್ನೊಂದಕ್ಕೆ 8 ವಾರಗಳ ತಯಾರಿ ಕೊಟ್ಟರು. 2008ರಲ್ಲಿ ಪ್ರಕಟವಾದ ಫಲಿತಾಂಶ ಹಲವರಿಗೆ ಅಚ್ಚರಿ ತಂದಿತು: ಎರಡೂ ಗುಂಪಿನಲ್ಲಿ ಸರಿಸುಮಾರು ಐವರಲ್ಲಿ ಒಬ್ಬರಿಗೆ ಗಾಯ. ಹಾಗೆಂದು ಎಷ್ಟು ಬೇಕಾದರೂ ಏರಿಸಬಹುದು ಎಂದಲ್ಲ. ಒಂದು ಶೇಕಡಾ ಸಂಖ್ಯೆ ಎಲ್ಲರ ಮಂಡಿಯನ್ನೂ ಕಾಯಲಾರದು ಎಂದಷ್ಟೇ. ವಾರದ ಜಿಗಿತ ನೋಡುವುದು ಎಲ್ಲಿ ಎಚ್ಚರದಿಂದಿರಬೇಕು ಎಂದು ತಿಳಿಯಲು. ತೀರ್ಪು ಕೊಡಬೇಕಾದ್ದು ಕೀಲು.

ಕೀಲು ಹಿಂದೆ ಬೀಳುವುದಕ್ಕೂ ಕಾರಣವಿದೆ. ಮೊದಲ ವಾರಗಳಲ್ಲಿ ತೂಕ ಸರಸರನೆ ಏರುವುದು ಮಾಂಸಖಂಡ ಬೆಳೆದದ್ದರಿಂದಲ್ಲ, ಇರುವ ಮಾಂಸಖಂಡವನ್ನು ನರಗಳು ಒಟ್ಟಿಗೆ ದುಡಿಸಲು ಕಲಿತದ್ದರಿಂದ. ಈ ಕಲಿಕೆ ಬಹಳ ಬೇಗ ಆಗುತ್ತದೆ. ಮಾಂಸಖಂಡವನ್ನು ಎಲುಬಿಗೆ ಕಟ್ಟಿರುವ ಸ್ನಾಯುರಜ್ಜು ಹಾಗಲ್ಲ. ಅದರಲ್ಲಿ ರಕ್ತ ಸಂಚಾರ ಕಡಿಮೆ, ಅದು ಗಟ್ಟಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ಆರನೇ ವಾರದಲ್ಲಿ ತೊಡೆ 80 ಕಿಲೋಗೆ ಸೈ ಎನ್ನುತ್ತದೆ, ಮಂಡಿಚಿಪ್ಪಿನ ಕೆಳಗಿನ ರಜ್ಜು ಇನ್ನೂ ಎರಡನೇ ವಾರದ ಭಾರಕ್ಕೇ ಒಗ್ಗಿಕೊಳ್ಳುತ್ತಿರುತ್ತದೆ.

ಈ ರಜ್ಜುವಿನ ನೋವಿಗೆ ಒಂದು ಮೋಸದ ಗುಣವಿದೆ. ಮೊದಲ ಸೆಟ್‌ನಲ್ಲಿ ಚುಚ್ಚುತ್ತದೆ, ಮೈ ಬಿಸಿಯಾಗುತ್ತಿದ್ದಂತೆ ಮಾಯವಾಗುತ್ತದೆ. 'ವಾರ್ಮ್‌ಅಪ್ ಸರಿಯಾಗಿ ಆಗಿರಲಿಲ್ಲ, ಅಷ್ಟೇ' ಎಂದುಕೊಂಡು ಐದೂ ಸೆಟ್ ಮುಗಿಸುತ್ತಾರೆ. ಮಾರನೆಯ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಅದೇ ನೋವು ಒಂದು ಕೈ ಮೇಲಾಗಿ ಹಾಜರ್. ಆದ್ದರಿಂದ ಜಿಮ್‌ನಲ್ಲಿ ಹೇಗಿತ್ತು ಎಂಬುದಕ್ಕಿಂತ ಮರುದಿನ ಹೇಗಿದೆ ಎಂಬುದೇ ನಂಬಲರ್ಹ. ಪರೀಕ್ಷೆ ಸುಲಭ. ದಿನಾ ಬೆಳಿಗ್ಗೆ ಮನೆಯ ಒಂದೇ ಮೆಟ್ಟಿಲಿನಿಂದ ಒಂದೊಂದೇ ಕಾಲಲ್ಲಿ ನಿಧಾನವಾಗಿ ಇಳಿಯಬೇಕು, ಮೇಲೆ ಉಳಿದ ಕಾಲಿನ ಮಂಡಿ ಮಡಿಯುವಾಗ ಆದ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡಬೇಕು. ಎಡ ಮತ್ತು ಬಲ ಬೇರೆ ಬೇರೆ. ಒಂದು ದಿನದ ಅಂಕಕ್ಕೆ ಅರ್ಥವಿಲ್ಲ, ಅದೇ ಮೆಟ್ಟಿಲಿನ ವಾರಗಟ್ಟಲೆ ಅಂಕಗಳಿಗೆ ಅರ್ಥವಿದೆ.

ತೊಡೆ ನೋವನ್ನು ಇದರೊಂದಿಗೆ ಬೆರೆಸಬಾರದು. ಮೈಕೈ ನೋವು ಮಾಂಸಖಂಡದ ತುಂಬ ಹರಡಿರುತ್ತದೆ, ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. 'ಇಲ್ಲೇ' ಎಂದು ಒಂದೇ ಬೆರಳಿಟ್ಟು ತೋರಿಸಬಹುದಾದ, ಒಂದೇ ಮಂಡಿಯ ನೋವನ್ನು ಮಾತ್ರ ಪುಸ್ತಕಕ್ಕೆ ಹಾಕಿ.

ಅಂಕಗಳನ್ನು ಓದುವ ಬಗೆಯನ್ನು ಸ್ವೀಡನ್ನಿನ ಸಂಶೋಧಕರಿಂದ ಕಲಿಯಬಹುದು. ಹಿಮ್ಮಡಿಯ ರಜ್ಜು ನೋವಿದ್ದವರಿಗೆ ಚಿಕಿತ್ಸೆ ಕೊಡುವಾಗ ಕಾರಿನ್ ಸಿಲ್ಬರ್ನಾಗೆಲ್ ಮತ್ತು ಸಂಗಡಿಗರು ಓಟ, ಜಿಗಿತಗಳನ್ನು ಪೂರ್ತಿ ನಿಲ್ಲಿಸಲಿಲ್ಲ. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ವ್ಯಾಯಾಮದ ವೇಳೆ ಹತ್ತಕ್ಕೆ ಐದರವರೆಗೆ ನೋವು ಒಪ್ಪಿತವಾಗಿತ್ತು. ಷರತ್ತು ಎರಡು: ಆ ನೋವು ಮರುದಿನ ಬೆಳಿಗ್ಗೆಯೊಳಗೆ ಇಳಿದಿರಬೇಕು, ಮತ್ತು ವಾರದಿಂದ ವಾರಕ್ಕೆ ಹೆಚ್ಚಬಾರದು. ತಜ್ಞರ ಕಣ್ಣೆದುರು ಚಿಕಿತ್ಸೆ ಪಡೆಯುತ್ತಿದ್ದವರಿಗೆ ಮಾಡಿದ ಮಿತಿ ಅದು, ಗಟ್ಟಿಮುಟ್ಟಾಗಿರುವವರು ಐದರವರೆಗೆ ನೋವು ತಂದುಕೊಳ್ಳಲು ಕೊಟ್ಟ ಪರವಾನಗಿಯಲ್ಲ. ಆದರೆ ಎರಡು ಷರತ್ತುಗಳು ಜಿಮ್‌ಗೆ ಹೋಗುವ ಎಲ್ಲರಿಗೂ ಒಪ್ಪುವಂಥವು.

ನಮ್ಮವರ ಪುಸ್ತಕ ನೋಡೋಣ. ಮೊದಲ ಮೂರು ವಾರ ಬೆಳಗಿನ ಅಂಕ ಸೊನ್ನೆ. ನಾಲ್ಕನೇ ವಾರ, 65 ಕಿಲೋ ಹೊತ್ತ ಮರುದಿನ ಬಲ ಮಂಡಿಗೆ ಒಂದು, ಅದರ ಮರುದಿನ ಮತ್ತೆ ಸೊನ್ನೆ. ಅದು ಪರವಾಗಿಲ್ಲ. ಐದನೇ ವಾರ ಎರಡಕ್ಕೇರಿತು, ಮುಂದಿನ ಸರದಿಯ ದಿನವೂ ಒಂದರಲ್ಲೇ ನಿಂತಿತ್ತು. ಆರನೇ ವಾರದ ಕೊನೆಗೆ ನಾಲ್ಕು. ಎಚ್ಚರಿಕೆ ಬಂದದ್ದು ನಾಲ್ಕಾದಾಗ ಅಲ್ಲ, ಐದನೇ ವಾರ ಅಂಕ ಸೊನ್ನೆಗೆ ಮರಳದೆ ಉಳಿದಾಗ. ಆ ಹೊತ್ತಿಗೆ ಸೆಟ್‌ನ ಕೊನೆಯ ಸಲ ಏಳುವಾಗ ಬಾರು ಅರ್ಧದಲ್ಲಿ ತಡವರಿಸಿ, ಮಂಡಿಗಳು ಒಳಕ್ಕೆ ವಾಲತೊಡಗಿದ್ದನ್ನೂ ಪಕ್ಕದಲ್ಲಿದ್ದವರು ನೋಡಿರುತ್ತಾರೆ. ಆ್ಯಪ್ ಮಾತ್ರ ಹಸಿರು ಟಿಕ್ ಹಾಕಿ ಮುಂದಿನ ತೂಕ ತೋರಿಸಿರುತ್ತದೆ.

ಇನ್ನೇನು ಮಾಡಬೇಕು? ಜಿಮ್ ಬಿಟ್ಟು ಮನೆಯಲ್ಲಿ ಕೂರುವುದು ಬೇಡ, ಪೂರ್ತಿ ವಿಶ್ರಾಂತಿಯಲ್ಲಿ ರಜ್ಜು ಗಟ್ಟಿಯಾಗುವುದಿಲ್ಲ. ಅಂಕ ಸೊನ್ನೆ ಇದ್ದ ಕೊನೆಯ ತೂಕಕ್ಕೆ ಇಳಿಯಬೇಕು, ಇಲ್ಲಿ 60 ಕಿಲೋ. ಸೆಟ್‌ಗಳನ್ನೂ ಐದರಿಂದ ಮೂರಕ್ಕೆ ಇಳಿಸಿದರೆ ವಾರದ ಭಾರ 2,700 ಕಿಲೋ ಆಗುತ್ತದೆ, ಆರನೇ ವಾರದ ಅರ್ಧಕ್ಕಿಂತ ಕಡಿಮೆ. ಬೆಳಗಿನ ಅಂಕ ಸೊನ್ನೆಗೋ ಒಂದಕ್ಕೋ ಬಂದು ನಿಲ್ಲುವವರೆಗೆ ಅಲ್ಲೇ ಇರಬೇಕು, ಎರಡು ವಾರವಾದರೂ ಸರಿ, ಮೂರಾದರೂ ಸರಿ. ಆಮೇಲೆ ಎರಡೂವರೆ ಕಿಲೋ ಏರಿಸುವುದು ಪ್ರತಿ ಸಲ ಅಲ್ಲ, ವಾರಕ್ಕೊಮ್ಮೆ. ಆಗ ಜಿಗಿತ ಶೇ 4ರ ಆಸುಪಾಸಿಗೆ ಬರುತ್ತದೆ. ತೂಕ ಏರಿಸಿದ ವಾರ ಸೆಟ್ ಏರಿಸಬಾರದು. ಎರಡನ್ನೂ ಒಟ್ಟಿಗೆ ಏರಿಸಿದರೆ ನೋವು ಬಂದಾಗ ತಪ್ಪು ಯಾವುದರದ್ದೆಂದು ತಿಳಿಯುವುದಿಲ್ಲ.

ಲೆಕ್ಕಕ್ಕೆ ಸಿಗದ ಭಾರಗಳೂ ಇವೆ. ಶನಿವಾರ ಎರಡು ಗಂಟೆ ಬ್ಯಾಡ್ಮಿಂಟನ್, ಭಾನುವಾರ ಸ್ಕಂದಗಿರಿ ಚಾರಣ. ಇಳಿಜಾರಿನ ಹೊಡೆತವೆಲ್ಲ ಆ ರಜ್ಜುವಿಗೇ. ಆ್ಯಪ್‌ಗೆ ಅದು ವಿಶ್ರಾಂತಿಯ ದಿನ. ಊರಿನ ಮದುವೆ, ಜಾತ್ರೆ ಎಂದು ಎರಡು ವಾರ ತಪ್ಪಿಸಿ ಬಂದವರು ಬಿಟ್ಟ ತೂಕದಿಂದಲೇ ಹಿಡಿದರೆ ಅದು ಸೊನ್ನೆಯಿಂದ ಮಾಡಿದ ಜಿಗಿತ. ಇವುಗಳನ್ನು ಕಿಲೋದಲ್ಲಿ ಬರೆಯಲಾಗದಿದ್ದರೂ ಪುಸ್ತಕದ ಅಂಚಿನಲ್ಲಿ ಒಂದು ಸಾಲು ಬರೆದಿಡಬಹುದು. ಸೋಮವಾರದ ಅಂಕ ಏಕೆ ಏರಿತೆಂದು ಆಮೇಲೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಕೆಲವೊಮ್ಮೆ ಜಿಮ್‌ನ ಸಾಮಾನೇ ಜಿಗಿತವನ್ನು ದೊಡ್ಡದು ಮಾಡುತ್ತದೆ. ಅಲ್ಲಿನ ಅತಿ ಚಿಕ್ಕ ಪ್ಲೇಟು ಎರಡೂವರೆ ಕಿಲೋ ಆಗಿದ್ದರೆ ಎರಡೂ ತುದಿಗೆ ಹಾಕಿದಾಗ ಐದು ಕಿಲೋ. 60 ಕಿಲೋ ಸ್ಕ್ವಾಟ್‌ಗೆ ಅದು ಶೇ 8, ತಲೆಯ ಮೇಲೆ ಎತ್ತುವ 25 ಕಿಲೋ ಪ್ರೆಸ್‌ಗೆ ಶೇ 20. ಭುಜದ ತಕರಾರು ಶುರುವಾಗಲು ಇನ್ನೇನು ಬೇಕು? ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದ ಭಾರ ಎತ್ತುವ ಸ್ಪರ್ಧೆಯಲ್ಲಿ ಬಾರಿಗೆ ಕೇವಲ ಒಂದು ಕಿಲೋ ಸೇರಿಸಲೂ ಅವಕಾಶವಿದೆ. ಪದಕ ಗೆಲ್ಲುವವರಿಗೇ ಒಂದು ಕಿಲೋ ಸಾಕಾಗಿರುವಾಗ ಹೊಸಬರಿಗೆ ಐದು ಕಿಲೋ ಮೆಟ್ಟಿಲು ಕೊಡುವುದು ನ್ಯಾಯವಲ್ಲ. ಒಂದೂಕಾಲು ಕಿಲೋದ, ಸಾಧ್ಯವಾದರೆ ಅರ್ಧ ಕಿಲೋದ ಒಂದು ಜೊತೆ ಪ್ಲೇಟು ತರಿಸಿ ಎಂದು ಜಿಮ್ ಮಾಲೀಕರನ್ನು ಕೇಳಿ. ತರಿಸದಿದ್ದರೆ ತೂಕ ಹಾಗೇ ಇಟ್ಟು, ಐದು ಸಲ ಎತ್ತುತ್ತಿದ್ದುದನ್ನು ವಾರಕ್ಕೊಂದರಂತೆ ಎಂಟಕ್ಕೆ ಏರಿಸಿ, ನಂತರ ಮುಂದಿನ ಪ್ಲೇಟು ಹಾಕಿ ಮತ್ತೆ ಐದಕ್ಕೆ ಬನ್ನಿ.

ಈ ಲೆಕ್ಕವೆಲ್ಲ ನಿಧಾನವಾಗಿ ಏರುವ ನೋವಿಗೆ ಮಾತ್ರ. ಮಂಡಿ ಊದಿಕೊಂಡರೆ, ಮಡಿಸಿದ್ದು ಬಿಡಿಸಲಾಗದೆ ಸಿಕ್ಕಿಕೊಂಡರೆ, ನಡೆಯುವಾಗ ಕುಸಿದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ನೋವಿದ್ದರೆ, ನೋಟ್‌ಬುಕ್ ಮುಚ್ಚಿಟ್ಟು ಮೂಳೆ ಮತ್ತು ಕೀಲು ತಜ್ಞರಿಗೆ ತೋರಿಸಿ. ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ. ಯಾವ ವಾರ, ಯಾವ ತೂಕದಿಂದ ಶುರುವಾಯಿತು ಎಂದು ವೈದ್ಯರು ಕೇಳಿಯೇ ಕೇಳುತ್ತಾರೆ.