ಕಪ್ಪು ಶಾಯಿಯೊಳಗಿನ ಬಣ್ಣಗಳು ಮತ್ತು ಅವುಗಳ ಲೆಕ್ಕ

ಕಪ್ಪು ಸ್ಕೆಚ್ ಪೆನ್ನಿನ ಶಾಯಿಯಲ್ಲಿ ಸಾಮಾನ್ಯವಾಗಿ ಎರಡು ಮೂರು ಬಣ್ಣಗಳು ಬೆರೆತಿರುತ್ತವೆ. ಅವನ್ನು ಬಿಡಿಸಿ ನೋಡಲು ಫಿಲ್ಟರ್ ಪೇಪರಿನ ಒಂದು ಪಟ್ಟಿ, ಉದ್ದನೆಯ ಲೋಟ, ನೀರು ಇದ್ದರೆ ಸಾಕು.

ಪಟ್ಟಿಯ ಕೆಳ ಅಂಚಿನಿಂದ 2 ಸೆಂ.ಮೀ. ಮೇಲೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆಯಿರಿ. ಪೆನ್ನಿನಲ್ಲಿ ಎಳೆದರೆ ಆ ಗೆರೆಯ ಶಾಯಿಯೂ ಮೇಲೇರಿ ಎಲ್ಲವನ್ನೂ ಕಲಸಿಬಿಡುತ್ತದೆ. ಗೆರೆಯ ಮೇಲೆ ಶಾಯಿಯ ಚಿಕ್ಕ ಚುಕ್ಕೆ ಇಡಿ. ದೊಡ್ಡದಾದರೆ ಬಣ್ಣಗಳು ಬಾಲದಂತೆ ಎಳೆದುಕೊಂಡು ಒಂದರೊಳಗೊಂದು ಸೇರುತ್ತವೆ. ಚುಕ್ಕೆ ಒಣಗಿದ ಮೇಲೆ, 1 ಸೆಂ.ಮೀ.ನಷ್ಟು ನೀರಿರುವ ಲೋಟದಲ್ಲಿ ಪಟ್ಟಿಯ ತುದಿ ಮಾತ್ರ ತಾಗುವಂತೆ ಇಳಿಬಿಟ್ಟು, ಲೋಟದ ಬಾಯಿ ಮುಚ್ಚಿ. ಗೆರೆಯೇ ಮುಳುಗಿದರೆ ಶಾಯಿ ಲೋಟದ ನೀರಿನಲ್ಲಿ ಕರಗಿಹೋಗುತ್ತದೆ.

ನೀರು ಕಾಗದದ ನಾರುಗಳ ಸಂದಿನಲ್ಲಿ ಮೇಲೇರುತ್ತದೆ. ಚುಕ್ಕೆಯನ್ನು ಮುಟ್ಟಿದಾಗ ಪ್ರತಿಯೊಂದು ಬಣ್ಣದ ಅಣುವಿಗೂ ಎರಡು ಕಡೆಯ ಸೆಳೆತ. ಹರಿಯುವ ನೀರು ಅದನ್ನು ಕರಗಿಸಿ ಒಯ್ಯುತ್ತದೆ. ಕಾಗದದ ಸೆಲ್ಯುಲೋಸ್ ಮತ್ತು ಅದು ಹಿಡಿದಿಟ್ಟುಕೊಂಡ ತೇವ ಅದನ್ನು ತಡೆದು ನಿಲ್ಲಿಸುತ್ತವೆ. ಅಣು ಅಂಟುತ್ತ, ಬಿಡುತ್ತ, ಮತ್ತೆ ಅಂಟುತ್ತ ಸಾಗುತ್ತದೆ. ಅಂಟಿರುವಷ್ಟು ಹೊತ್ತು ಅದು ನಿಂತಲ್ಲೇ ಇರುತ್ತದೆ, ನೀರಿನಲ್ಲಿರುವಷ್ಟು ಹೊತ್ತು ಮಾತ್ರ ಮೇಲೇರುತ್ತದೆ. ಯಾವ ಬಣ್ಣ ಎಷ್ಟು ಹೊತ್ತು ಅಂಟಿರುತ್ತದೆ ಎಂಬುದು ಅದರ ಅಣುವಿನ ರಚನೆಯನ್ನು ಅವಲಂಬಿಸಿರುವುದರಿಂದ ಚುಕ್ಕೆಗಳು ಬೇರೆಯಾಗುತ್ತವೆ.

ಅಣು ಹರಿಯುವ ನೀರಿನಲ್ಲಿ ಕಳೆದ ಹೊತ್ತಿನ ಪಾಲನ್ನೇ ಆರ್‌ಎಫ್ ಮೌಲ್ಯ ಹೇಳುತ್ತದೆ:

ಆರ್‌ಎಫ್ = ಬಣ್ಣ ಸಾಗಿದ ದೂರ ÷ ನೀರು ಸಾಗಿದ ದೂರ

ನೀರು ಗೆರೆಯಿಂದ 8 ಸೆಂ.ಮೀ. ಏರಿದೆ, ಒಂದು ಚುಕ್ಕೆಯ ಮಧ್ಯಭಾಗ 3.6 ಸೆಂ.ಮೀ.ನಲ್ಲಿದೆ, ಇನ್ನೊಂದರದು 7.2ರಲ್ಲಿದೆ ಎನ್ನೋಣ. ಮೊದಲನೆಯದರ ಆರ್‌ಎಫ್ 0.45, ಎರಡನೆಯದರದು 0.90. ಅಂದರೆ ಮೊದಲ ಬಣ್ಣದ ಅಣುಗಳು ಸರಿಸುಮಾರು ಶೇಕಡ 45ರಷ್ಟು ಹೊತ್ತು ಹರಿಯುವ ನೀರಿನಲ್ಲಿದ್ದವು. ನೀರು 6 ಸೆಂ.ಮೀ.ಗೇ ನಿಂತಿದ್ದರೆ ಆ ಚುಕ್ಕೆ 2.7ರಲ್ಲಿರುತ್ತಿತ್ತು, ಆರ್‌ಎಫ್ ಬದಲಾಗುತ್ತಿರಲಿಲ್ಲ. ದೂರವನ್ನು ದೂರದಿಂದ ಭಾಗಿಸಿರುವುದರಿಂದ ಇದಕ್ಕೆ ಏಕಮಾನವಿಲ್ಲ, ಬೆಲೆ 1ನ್ನು ದಾಟುವುದೂ ಇಲ್ಲ.

ಹೆಚ್ಚಾಗಿ ಎಡವುವುದು ಅಳತೆಯಲ್ಲಿ. ಪೆನ್ಸಿಲ್ ಗೆರೆಯ ಬದಲು ಕಾಗದದ ಅಂಚಿನಿಂದ ಅಳೆದರೆ ಮೊದಲ ಚುಕ್ಕೆಗೆ 5.6 ÷ 10, ಅಂದರೆ 0.56 ಬರುತ್ತದೆ. ಇದು ತಪ್ಪು. ನೀರು ಮುಟ್ಟಿದ ಎತ್ತರವನ್ನು ಪಟ್ಟಿ ಹೊರತೆಗೆದ ಕೂಡಲೇ ಪೆನ್ಸಿಲಿನಲ್ಲಿ ಗುರುತಿಸಿ, ಒಣಗಿದರೆ ಕಾಣುವುದಿಲ್ಲ. ನೀರು ಪಟ್ಟಿಯ ಮೇಲ್ತುದಿಯನ್ನೇ ಮುಟ್ಟಿಬಿಟ್ಟರೆ ಆ ಲೆಕ್ಕ ಕೈಬಿಡಿ.

ಬಾಲ್ ಪೆನ್ನಿನ ಶಾಯಿ ನೀರಿಗೆ ಕದಲದಿದ್ದರೆ ಸ್ಪಿರಿಟ್ ಬಳಸಿ ನೋಡಿ, ಆದರೆ ಬೆಂಕಿಯಿಂದ ದೂರವಿಡಿ. ದ್ರಾವಕ, ಕಾಗದ, ಉಷ್ಣಾಂಶ ಬದಲಾದರೆ ಆರ್‌ಎಫ್ ಕೂಡ ಬದಲಾಗುತ್ತದೆ. ಆದ್ದರಿಂದ ಎರಡು ಪೆನ್ನುಗಳ ಶಾಯಿ ಒಂದೇ ಹೌದೇ ಎಂದು ತಿಳಿಯಬೇಕಿದ್ದರೆ, ಎರಡನ್ನೂ ಒಂದೇ ಕಾಗದದ ಒಂದೇ ಗೆರೆಯ ಮೇಲೆ ಅಕ್ಕಪಕ್ಕ ಇಟ್ಟು ಓಡಿಸಿ.