ಉಚಿತ ವೆಬಿನಾರ್‌ಗೆ ಕರೆಯುವ ಕ್ರಮ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲಿ ವೃತ್ತಿ ಮಾರ್ಗದರ್ಶಕರ ಉಚಿತ ವೆಬಿನಾರ್‌ಗಳ ಆಹ್ವಾನ ವಾಟ್ಸ್‌ಆಪ್ ಗುಂಪುಗಳಲ್ಲಿ ಸಾಲುಸಾಲಾಗಿ ಬರುತ್ತವೆ. ಆಹ್ವಾನ, ನೋಂದಣಿ ಪುಟ ಮತ್ತು ನೆನಪಿನ ಸಂದೇಶ, ಈ ಮೂರಕ್ಕೂ ಬೇರೆ ಬೇರೆ ಕೆಲಸವಿದೆ.

ಆಹ್ವಾನದ ಕೆಲಸ ಲಿಂಕ್ ಒತ್ತಿಸುವುದಷ್ಟೆ. ಉದ್ದವಾದ ಸಂದೇಶದ ಕೊನೆಯ ಭಾಗವನ್ನು ವಾಟ್ಸ್‌ಆಪ್ ಮಡಚಿಡುವುದರಿಂದ ಮುಖ್ಯ ವಿಷಯ ಮೊದಲ ಸಾಲುಗಳಲ್ಲೇ ಇರಬೇಕು. ‘ನಿಮ್ಮ ಮಗುವಿನ ಉಜ್ವಲ ಭವಿಷ್ಯಕ್ಕಾಗಿ’ ಎಂದು ಶುರುವಾಗುವ ಆಹ್ವಾನ ಯಾರಿಗೂ ನಿರ್ದಿಷ್ಟವಾಗಿ ಏನನ್ನೂ ಹೇಳುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು: ‘ಎಸ್‌ಎಸ್‌ಎಲ್‌ಸಿ ಆಯಿತು. ಪಿಯು ವಿಜ್ಞಾನವೋ, ಡಿಪ್ಲೊಮಾವೋ? ಭಾನುವಾರ ಬೆಳಿಗ್ಗೆ 11ಕ್ಕೆ, ಕನ್ನಡದಲ್ಲಿ, ಒಂದು ಗಂಟೆ. ಉಚಿತ.’ ಯಾರಿಗಾಗಿ, ಯಾವ ಪ್ರಶ್ನೆಗೆ, ಯಾವಾಗ ಎಂಬುದು ಇಷ್ಟರಲ್ಲೇ ತಿಳಿಯುತ್ತದೆ.

ಲಿಂಕ್ ಒತ್ತಿ ಬಂದವರ ಅನುಮಾನಗಳನ್ನು ನೋಂದಣಿ ಪುಟ ನಿವಾರಿಸಬೇಕು. ಮಾತನಾಡುವವರ ಓದು ಮತ್ತು ಅನುಭವವೇನು, ಚರ್ಚೆಗೆ ಬರುವ ಮೂರು ನಾಲ್ಕು ವಿಷಯಗಳೇನು, ಪ್ರಶ್ನೆ ಕೇಳಲು ಅವಕಾಶವಿದೆಯೇ ಎಂಬುದು ಅಲ್ಲಿರಬೇಕು. ಕೊನೆಯಲ್ಲಿ ಶುಲ್ಕದ ಸಲಹೆಯ ಪ್ರಸ್ತಾಪವಿದ್ದರೆ ಅದನ್ನೂ ಮೊದಲೇ ಹೇಳಬೇಕು. ಫಾರಂನಲ್ಲಿ ಹೆಸರು ಮತ್ತು ಒಂದು ಫೋನ್ ನಂಬರ್ ಸಾಕು. ಅಂಕ, ವಿಳಾಸ, ಶಾಲೆ ಎಂದು ಕೇಳುತ್ತಾ ಹೋದಂತೆ ಅರ್ಧದಲ್ಲೇ ಬಿಟ್ಟು ಹೋಗುವವರು ಹೆಚ್ಚುತ್ತಾರೆ. ಹತ್ತನೇ ತರಗತಿಯವರು ಅಪ್ರಾಪ್ತರಾದ್ದರಿಂದ ಪೋಷಕರಿಂದಲೇ ನೋಂದಣಿ ಮಾಡಿಸುವುದು ಸರಿ. 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹೇಳುತ್ತದೆ.

ಹಣ ಕೊಡದ ಕಾರ್ಯಕ್ರಮವನ್ನು ಮರೆಯುವುದು ಸುಲಭ. ಹೀಗಾಗಿ ನೋಂದಣಿಯಾದ ಕೂಡಲೇ ಒಂದು, ಹಿಂದಿನ ಸಂಜೆ ಒಂದು, ಶುರುವಾಗುವ ಹದಿನೈದು ನಿಮಿಷ ಮೊದಲು ಒಂದು, ಹೀಗೆ ಮೂರು ಸಂದೇಶ ಕಳಿಸಬೇಕು. ಮೂರರಲ್ಲೂ ಲಿಂಕ್ ಇರಬೇಕು. ಹಳೆಯ ಸಂದೇಶ ಹುಡುಕುವ ತಾಳ್ಮೆ ಆ ಹೊತ್ತಿಗೆ ಯಾರಿಗೂ ಇರುವುದಿಲ್ಲ. ಹಿಂದಿನ ಸಂಜೆಯ ಸಂದೇಶದಲ್ಲಿ ‘ನಿಮ್ಮ ಒಂದು ಪ್ರಶ್ನೆ ಕಳಿಸಿ’ ಎಂದು ಕೇಳಿದರೆ, ಕಳಿಸಿದವರು ಉತ್ತರಕ್ಕಾಗಿ ಬರುತ್ತಾರೆ. ಎಸ್‌ಎಂಎಸ್ ಬಳಸುವವರು ಲೆಕ್ಕವನ್ನೂ ನೋಡಬೇಕು: ಇಂಗ್ಲಿಷ್‌ನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಮಾತ್ರ. ಒತ್ತು, ಗುಣಿತದ ಚಿಹ್ನೆಗಳೂ ಈ ಎಣಿಕೆಗೆ ಸೇರುತ್ತವೆ.

ತಪ್ಪು ಎಲ್ಲಿದೆ ಎಂಬುದು ಸಂಖ್ಯೆಗಳಲ್ಲೇ ಕಾಣುತ್ತದೆ. ಉದಾಹರಣೆಗೆ 400 ಜನ ಪುಟ ತೆರೆದು 30 ಜನ ಮಾತ್ರ ನೋಂದಾಯಿಸಿದರೆ ಮೊದಲು ಪುಟವನ್ನು ತಿದ್ದಬೇಕು. 150 ಜನ ನೋಂದಾಯಿಸಿ 20 ಜನ ಬಂದರೆ ನೆನಪಿನ ಸಂದೇಶ ಅಥವಾ ಸಮಯ ಸರಿಯಿಲ್ಲ. ಬಂದವರು ಹತ್ತೇ ನಿಮಿಷದಲ್ಲಿ ಹೊರಟರೆ ಆಹ್ವಾನದಲ್ಲಿ ಹೇಳಿದ್ದಕ್ಕೂ ಅಲ್ಲಿ ನಡೆದದ್ದಕ್ಕೂ ತಾಳೆಯಾಗಿಲ್ಲ. ನಲವತ್ತನೇ ನಿಮಿಷಕ್ಕೆ ಎಲ್ಲರೂ ಒಟ್ಟಿಗೆ ಮಾಯವಾದರೆ ಅದು ಜೂಮ್‌ನ ಉಚಿತ ಖಾತೆಯ ಮಿತಿ. ಅದರಲ್ಲಿ 40 ನಿಮಿಷ, 100 ಜನರಿಗಷ್ಟೇ ಅವಕಾಶ. ಒಂದು ಗಂಟೆ ಎಂದು ಆಹ್ವಾನದಲ್ಲಿ ಬರೆಯುವ ಮೊದಲೇ ಖಾತೆಯ ಮಿತಿಯನ್ನು ನೋಡಿಕೊಳ್ಳಬೇಕು.